ಕನಿಷ್ಠದ ಎದುರು ಗರಿಷ್ಠವಲ್ಲ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಪೇಪರ್ ಹಿಡಿದು ಕೂತಿದ್ದೆ. ಅಕ್ಕನ ಮಗಳು ನೋಟ್‌ಬುಕ್ ತಂದು ಪೇಪರಿನ ಮೇಲೇ ಇಟ್ಟಳು. ದ್ವಿತೀಯ ಪಿಯುಸಿ, ಕಾಮರ್ಸ್, ಅದರಲ್ಲಿ ಸಂಖ್ಯಾಶಾಸ್ತ್ರ.

“ಮಾವ, ಮೂರು ಸಲ ಮಾಡಿದೆ. ಎಲ್ಲ ಸ್ಟೆಪ್ಪೂ ಸರಿ ಇದೆ, ಉತ್ತರ ಮಾತ್ರ ತಾಳೆ ಆಗ್ತಿಲ್ಲ. ಪುಸ್ತಕದಲ್ಲೇ ತಪ್ಪು ಪ್ರಿಂಟ್ ಆಗಿರಬೇಕು.”

ಲೆಕ್ಕ ಹೀಗಿತ್ತು. ಒಂದು ತಳಿಯ ಬೀಜದಲ್ಲಿ ಶೇ 20ರಷ್ಟು ಮೊಳೆಯುವುದಿಲ್ಲ. 5 ಬೀಜ ಬಿತ್ತಿದರೆ ಕನಿಷ್ಠ 2 ಬೀಜ ಮೊಳೆಯದೆ ಹೋಗುವ ಸಂಭವನೀಯತೆ ಎಷ್ಟು? ಪುಸ್ತಕದ ಉತ್ತರ 0.26272. ಅವಳಿಗೆ ಬಂದದ್ದು 0.05792.

ನಾನು ಇದೇ ವಿಷಯ ಪಾಠ ಮಾಡುವವನು. ಉತ್ತರಪತ್ರಿಕೆ ತಿದ್ದಿ ತಿದ್ದಿ ಒಂದು ಅಭ್ಯಾಸ ಬಂದುಬಿಟ್ಟಿದೆ: ಮೊದಲು ಕೊನೆಯ ಸಾಲಿನ ಸಂಖ್ಯೆ ನೋಡುತ್ತೇನೆ, ಆಮೇಲೆ ಮೇಲಕ್ಕೆ ಹತ್ತುತ್ತೇನೆ. ದ್ವಿಪದ ವಿತರಣೆಯ ಲೆಕ್ಕದಲ್ಲಿ ತಪ್ಪು ಉತ್ತರ ಎಂದರೆ ಒಂದು ಹೆಜ್ಜೆಗುರುತು. ಹುಡುಗರು ಎಲ್ಲಿ ಎಡವಿದರು ಅನ್ನುವುದನ್ನು ಅದೇ ಹೇಳುತ್ತದೆ. 0.05792 ನೋಡಿದ ಕೂಡಲೇ ಅರ್ಧ ಗೊತ್ತಾಯಿತು, ಆದರೂ ಸಾಲು ಸಾಲಾಗಿ ಓದಿದೆ.

```
n = 5, p = 0.2, q = 0.8
P(X = x) = ⁵Cₓ (0.2)ˣ (0.8)⁵⁻ˣ
P(X ≥ 2) = 1 − P(X ≤ 2)
         = 1 − [0.32768 + 0.4096 + 0.2048]
         = 1 − 0.94208 = 0.05792
```

ಸೂತ್ರ ಸರಿ. ಗುಣಾಕಾರ ಸರಿ. ಕೂಡಿಸಿದ್ದೂ ಕಳೆದದ್ದೂ ಸರಿ. “ಎಲ್ಲ ಸ್ಟೆಪ್ಪೂ ಸರಿ” ಅಂದದ್ದರಲ್ಲಿ ಮುಕ್ಕಾಲು ಪಾಲು ನಿಜವೇ. ಕೆಟ್ಟದ್ದು ಮೂರನೇ ಸಾಲು ಒಂದೇ, ಅಲ್ಲಿಯೂ ಒಂದೇ ಒಂದು ಚಿಹ್ನೆ. ≤ ಇರುವ ಕಡೆ < ಇರಬೇಕಿತ್ತು.

ಅವಳಿಗೆ ಅದನ್ನು ಹೇಳಲಿಲ್ಲ. ಅಂಚಿನಲ್ಲಿ 0, 1, 2, 3, 4, 5 ಎಂದು ಒಂದು ಸಾಲು ಬರೆದು, “ಪ್ರಶ್ನೆ ಕೇಳಿರೋದು ಇವುಗಳಲ್ಲಿ ಯಾವುದನ್ನ? ಸುತ್ತು ಹಾಕು” ಎಂದೆ. 2, 3, 4, 5ಕ್ಕೆ ಸುತ್ತು ಹಾಕಿದಳು. “ಈಗ ಒಂದರಲ್ಲಿ ಕಳೆದಿರೋದು ಯಾವುದನ್ನ? ಅಡಿಗೆರೆ ಎಳಿ.” 0, 1, 2ರ ಕೆಳಗೆ ಗೆರೆ ಎಳೆದಳು. ಎರಡರ ಮೇಲೆ ಸುತ್ತೂ ಇತ್ತು, ಕೆಳಗೆ ಗೆರೆಯೂ ಇತ್ತು. ಸ್ವಲ್ಪ ಹೊತ್ತು ನೋಡಿ, “ಅಯ್ಯೋ, ಎರಡು ಎರಡೂ ಕಡೆ ಇದೆ” ಎಂದಳು.

ತಪ್ಪು ಅಷ್ಟೇ. ಪೂರಕ ಘಟನೆ ಎಂದರೆ ಬೇಕಾದ ಘಟನೆ ನಡೆಯದೆ ಹೋದರೆ ನಡೆಯುವುದೆಲ್ಲ. ಮೂಲ ಘಟನೆಗೆ ಸೇರಿದ ಒಂದೂ ಅದರಲ್ಲಿ ಇರಬಾರದು, ಹೊರಗೆ ಉಳಿದ ಒಂದೂ ತಪ್ಪಿಹೋಗಬಾರದು. ಹಾಗಿದ್ದಾಗ ಮಾತ್ರ ಎರಡನ್ನೂ ಕೂಡಿದರೆ 1 ಆಗುತ್ತದೆ, 1ರಿಂದ ಕಳೆಯುವ ಉಪಾಯ ನಡೆಯುತ್ತದೆ. 2ನ್ನು ಎರಡೂ ಕಡೆ ಎಣಿಸಿದರೆ ಮೊತ್ತ 1ನ್ನು ದಾಟಿ, ಸರಿಯಾಗಿ P(2)ರಷ್ಟು, ಅಂದರೆ 0.2048ರಷ್ಟು ಹೆಚ್ಚಾಗುತ್ತದೆ. ಅವಳ 0.05792ಕ್ಕೆ ಅದನ್ನು ಕೂಡಿಸಿ ನೋಡಿ: 0.26272, ಪುಸ್ತಕದ ಉತ್ತರ. ಅವಳು ಬಿಡಿಸಿದ್ದು “ಕನಿಷ್ಠ 3” ಎಂಬ ಲೆಕ್ಕವನ್ನು. ಆ ಲೆಕ್ಕಕ್ಕೆ 0.05792 ಅಪ್ಪಟ ಸರಿಯುತ್ತರ.

ಈ ತಪ್ಪು ಯಾಕೆ ಇಷ್ಟು ಸಾಮಾನ್ಯ ಎಂದು ಬಹಳ ದಿನ ಯೋಚಿಸಿದ್ದೇನೆ. ನಮ್ಮ ಹುಡುಗರ ಮಟ್ಟಿಗೆ ಒಂದು ಕಾರಣ ಕನ್ನಡ ತರಗತಿಯಲ್ಲೇ ಇದೆ ಅನ್ನಿಸುತ್ತದೆ. ವಿರುದ್ಧಪದ ಬರೆಯಿರಿ: ಕನಿಷ್ಠ × ಗರಿಷ್ಠ. ಪ್ರಾಥಮಿಕ ಶಾಲೆಯಿಂದ ಬಾಯಿಪಾಠ. “ಕನಿಷ್ಠ ಎರಡು” ಎಂಬುದರ ಪೂರಕ ಏನು ಎಂದು ಕೇಳಿದರೆ ಕೈ ತಾನಾಗಿ “ಗರಿಷ್ಠ ಎರಡು” ಎಂದು ಬರೆಯುತ್ತದೆ. ಆದರೆ ಲೆಕ್ಕಕ್ಕೆ ಬೇಕಾಗಿರುವುದು ವಿರುದ್ಧಪದವಲ್ಲ, ನಿಷೇಧ. ಮನೆಮಾತಿನಲ್ಲಿ ಹೇಳಿಕೊಂಡರೆ ಈ ಗೊಂದಲವೇ ಇರುವುದಿಲ್ಲ. “ಎರಡಾದರೂ ಹಾಳಾಗುತ್ತೆ” ಎಂದು ಒಬ್ಬರು ಹೇಳಿದರು, ಅವರ ಮಾತು ಸುಳ್ಳಾಯಿತು ಅಂದರೆ ಏನಾಗಿರಬೇಕು? ಒಂದೂ ಹಾಳಾಗಿಲ್ಲ, ಇಲ್ಲವೇ ಒಂದೇ ಹಾಳಾಗಿದೆ. ಎರಡು ಹಾಳಾಗಿದ್ದರೆ ಮಾತು ನಿಜವೇ ಆಯಿತಲ್ಲ! ಅದಕ್ಕೇ ತರಗತಿಯಲ್ಲಿ ನಾನು “ಕನಿಷ್ಠ” ಬಂದ ಕಡೆಯೆಲ್ಲ “ಆದರೂ” ಎಂದು ಓದಿಸುತ್ತೇನೆ. ಕೆಲವರು ನಗುತ್ತಾರೆ, ನಗಲಿ.

ಇದೇ ಲೆಕ್ಕದಲ್ಲಿ ಬೇರೆ ಬೇರೆ ಹುಡುಗರು ಬೇರೆ ಬೇರೆ ಉತ್ತರ ತರುತ್ತಾರೆ. 0.67232 ಬಂದಿದ್ದರೆ ಆ ಹುಡುಗ 1 − P(0) ಮಾಡಿ ಕೈಬಿಟ್ಟಿದ್ದಾನೆ. “ಕನಿಷ್ಠ ಒಂದು” ಎಂಬ ಲೆಕ್ಕಕ್ಕೆ ಅದು ಸರಿ. ಪುಸ್ತಕದಲ್ಲಿ ಮೊದಲು ಬರುವ ಉದಾಹರಣೆಗಳೆಲ್ಲ “ಕನಿಷ್ಠ ಒಂದು” ಆಗಿರುವುದರಿಂದ, ‘ಕನಿಷ್ಠ ಅಂದರೆ ಒಂದರಲ್ಲಿ ಸೊನ್ನೆಯದ್ದು ಕಳೆ’ ಎಂದು ತಲೆಯಲ್ಲಿ ಕೂತುಬಿಡುತ್ತದೆ. 0.99328 ಬಂದಿದ್ದರೆ p, q ಅದಲುಬದಲಾಗಿವೆ. ಪ್ರಶ್ನೆ ಮೊಳೆಯದ ಬೀಜ ಎಣಿಸಲು ಹೇಳಿದೆ, ಹುಡುಗಿ ಮೊಳೆತದ್ದನ್ನು ಎಣಿಸಿದ್ದಾಳೆ. ಬೀಜ ಹಾಳಾಗುವುದನ್ನು ‘ಯಶಸ್ಸು’ ಎಂದು ಕರೆಯಲು ಯಾರಿಗೆ ಮನಸ್ಸು ಬಂದೀತು? ಆದರೆ ಲೆಕ್ಕದಲ್ಲಿ ಯಾವುದನ್ನು ಎಣಿಸುತ್ತೇವೋ ಅದೇ ಯಶಸ್ಸು. ಐದರಲ್ಲಿ ಒಂದು ಹಾಳಾಗುವ ಬೀಜ, ಐದು ಬಿತ್ತಿದರೆ ಸರಾಸರಿ ಒಂದು ಹೋಗುತ್ತದೆ. ಹಾಗಿರುವಾಗ ಎರಡಾದರೂ ಹೋಗುವುದು ಹೆಚ್ಚುಕಡಿಮೆ ಖಚಿತ ಎಂದು ಉತ್ತರ ಬಂದರೆ ಅಲ್ಲೇ ಅನುಮಾನ ಬರಬೇಕು.

0.5904 ಬಂದಿದ್ದರೆ ಎಡವಿದ್ದು ಪೂರಕದಲ್ಲಿ ಅಲ್ಲ, ಸೂತ್ರದಲ್ಲಿ. P(1) ಬರೆಯುವಾಗ ⁵C₁ ಬಿಟ್ಟುಹೋಗಿದೆ. 0.2 × 0.8⁴ ಅಂದರೆ 0.08192. ಅದು ಒಂದು ನಿರ್ದಿಷ್ಟ ಬೀಜ, ಉದಾಹರಣೆಗೆ ಮೊದಲನೆಯದು, ಹಾಳಾಗಿ ಉಳಿದ ನಾಲ್ಕು ಮೊಳೆಯುವ ಸಂಭವನೀಯತೆ. ಆದರೆ ಹಾಳಾಗುವುದು ಐದರಲ್ಲಿ ಯಾವುದಾದರೂ ಆಗಬಹುದು, ಆದ್ದರಿಂದ ಐದರಿಂದ ಗುಣಿಸಬೇಕು. ಹೀಗೆ ಆರಿಸುವ ಬಗೆಗಳನ್ನು ಎಣಿಸುವ ಸಾಮಾನ್ಯ ನಿಯಮ 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲೇ ಇದೆ. ನಮ್ಮ ಹುಡುಗರು ಅದನ್ನೇ ಮರೆಯುತ್ತಾರಲ್ಲ ಎಂದು ಒಮ್ಮೊಮ್ಮೆ ಸಂಕಟವಾಗುತ್ತದೆ. ಇದಕ್ಕೊಂದು ಸೋಸು ಇದೆ: X = 0ರಿಂದ 5ರವರೆಗಿನ ಆರೂ ಬೆಲೆಗಳನ್ನು ಕೂಡಿಸಿದರೆ 1 ಬರಬೇಕು. ವಿಕಲ್ಪ ಬಿಟ್ಟವರಿಗೆ 1ಕ್ಕಿಂತ ಎಷ್ಟೋ ಕಡಿಮೆ ಬರುತ್ತದೆ. p, q ಅದಲುಬದಲಾಗಿದ್ದನ್ನು ಮಾತ್ರ ಈ ಸೋಸು ಹಿಡಿಯದು, ಆಗಲೂ ಮೊತ್ತ 1 ಆಗಿಯೇ ಇರುತ್ತದೆ.

ಕೈಬರಹದಲ್ಲೇ ಹುಟ್ಟುವ ತಪ್ಪೂ ಒಂದಿದೆ. ಒಂದು ಸಲ ಒಂದು ಉತ್ತರಪತ್ರಿಕೆಯಲ್ಲಿ ಇದೇ ಲೆಕ್ಕಕ್ಕೆ 0.69 ಎಂಬ ಉತ್ತರ ಕಂಡೆ. ನೋಡಿದರೆ ಅದರ ಮುಂದೆ ಇದ್ದ ಋಣಚಿಹ್ನೆಯನ್ನು ವೈಟ್ನರ್‌ನಲ್ಲಿ ಅಳಿಸಿದ ಗುರುತು. ಹುಡುಗ ಮೊದಲ ಸಾಲಿನಲ್ಲಿ 0.8⁵, 0.8⁴ ಎಂದು ಸರಿಯಾಗಿಯೇ ಬರೆದಿದ್ದ. ಘಾತದ ಅಂಕಿ ಸ್ವಲ್ಪ ದೊಡ್ಡದಾಗಿ, ಸ್ವಲ್ಪ ಕೆಳಗೆ ಬಿದ್ದಿತ್ತು. ಮುಂದಿನ ಸಾಲಿಗೆ ನಕಲು ಮಾಡುವಾಗ ಅವು 0.85, 0.84 ಆಗಿದ್ದವು. ಎರಡನ್ನೂ ಸೇರಿಸಿ ಒಂದರಲ್ಲಿ ಕಳೆದರೆ ಋಣಸಂಖ್ಯೆ ಬರದೆ ಇನ್ನೇನು? ಅಂಥ ಕಡೆ ಸೂತ್ರಕ್ಕೆ, ಬೆಲೆ ತುಂಬಿದ್ದಕ್ಕೆ ಅಂಕ ಕೊಟ್ಟು, ನಕಲಿನ ತಪ್ಪಿಗೆ ಮಾತ್ರ ಕಳೆಯುತ್ತೇನೆ. ಅವನಿಗೆ ವಿಷಯ ಗೊತ್ತಿದೆ, ಬರೆಯಲು ಬಂದಿಲ್ಲ. ಘಾತ ಬರುವ ಕಡೆ (0.8)⁴ ಎಂದು ಆವರಣ ಹಾಕಿ ಬರೆಯುವವರಿಗೆ ಈ ಗತಿ ಬರುವುದಿಲ್ಲ.

ಇವೆಲ್ಲಕ್ಕಿಂತ ಹಿಂದೆ, ಮೊದಲ ಸಾಲಿನಲ್ಲೇ ಒಂದು ಹೊಂಡ ಇರುತ್ತದೆ. 10 ಬಲ್ಬ್‌ಗಳ ಪೆಟ್ಟಿಗೆಯಲ್ಲಿ 2 ಕೆಟ್ಟಿವೆ, ವಾಪಸ್ ಹಾಕದೆ 5 ತೆಗೆದರೆ ಎರಡೂ ಕೆಟ್ಟವೇ ಸಿಗುವ ಸಂಭವನೀಯತೆ ಎಷ್ಟು ಎಂದು ಕೇಳಿದರೆ, ಇಲ್ಲೂ p = 0.2 ಎಂದು ದ್ವಿಪದ ಸೂತ್ರ ಹಾಕುವವರಿದ್ದಾರೆ. ಒಂದು ಕೆಟ್ಟ ಬಲ್ಬ್ ಹೊರಗೆ ಬಂದ ಮೇಲೆ ಉಳಿದ 9ರಲ್ಲಿ ಒಂದೇ ಕೆಟ್ಟದ್ದು, p ಬದಲಾಗಿಹೋಯಿತು. ಅಲ್ಲಿ ಉತ್ತರ 56/252, ಸುಮಾರು 0.222. ಪ್ರತಿ ಪ್ರಯೋಗದಲ್ಲೂ p ಒಂದೇ ಆಗಿದ್ದರೆ, ಒಂದರ ಫಲ ಇನ್ನೊಂದಕ್ಕೆ ತಾಗದಿದ್ದರೆ ಮಾತ್ರ ದ್ವಿಪದ.

“ಕನಿಷ್ಠ” ಎಂಬ ಪದದ ತೊಡಕು ನಮ್ಮದೊಂದೇ ಅಲ್ಲ ಬಿಡಿ. 1693ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸ್ ನ್ಯೂಟನ್‌ಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ. 6 ದಾಳ ಎಸೆದು ಒಂದಾದರೂ ಆರು, 12 ಎಸೆದು ಎರಡಾದರೂ ಆರು, 18 ಎಸೆದು ಮೂರಾದರೂ ಆರು, ಇವುಗಳಲ್ಲಿ ಯಾವುದಕ್ಕೆ ಅವಕಾಶ ಹೆಚ್ಚು? ಪೀಪ್ಸ್‌ನ ಊಹೆ ಮೂರನೆಯದು. ನ್ಯೂಟನ್ ಮೊದಲನೆಯದು ಎಂದ. ಅವನ ಮಾತೇ ಸರಿ: ಕ್ರಮವಾಗಿ ಸುಮಾರು 0.665, 0.619, 0.597. ಆದರೆ ಮೂರಕ್ಕೂ ‘ಒಂದರಲ್ಲಿ ಸೊನ್ನೆಯದ್ದು ಕಳೆ’ ಎಂದು ಮಾಡಿ ನೋಡಿ, 0.665, 0.888, 0.962 ಬಂದು ಕ್ರಮವೇ ತಲೆಕೆಳಗಾಗುತ್ತದೆ.

ಸಂಜೆ ಹೊತ್ತಿಗೆ ಸೊಸೆ ಮುಂದಿನ ಲೆಕ್ಕ ಮಾಡಿ ತಂದಳು. ಅದೇ ಬೀಜ, “ಕನಿಷ್ಠ 4”. ಈ ಸಲ ಅಂಕಿಗಳ ಸಾಲು ಅವಳೇ ಬರೆದಿದ್ದಳು, 3 ಮತ್ತು 4ರ ನಡುವೆ ಗೆರೆ. ಪೂರಕ ಸರಿಯಾಗಿತ್ತು. ಆದರೆ P(4), P(5) ಎರಡನ್ನು ಕೂಡಿಸಿದ್ದರೆ 0.00672 ಎಂದು ಮುಗಿಯುತ್ತಿದ್ದ ಲೆಕ್ಕಕ್ಕೆ P(0)ಯಿಂದ P(3)ರವರೆಗೆ ನಾಲ್ಕು ಬೆಲೆ ತೆಗೆದು, ಎಲ್ಲವನ್ನೂ ಎರಡು ದಶಾಂಶಕ್ಕೆ ಇಳಿಸಿದ್ದಳು: 0.33, 0.41, 0.20, 0.05. ಮೊತ್ತ 0.99, ಉತ್ತರ 0.01. ಹತ್ತಿರ ಹತ್ತಿರ ಒಂದೂವರೆ ಪಟ್ಟು. ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆದು ಚಿಕ್ಕದ್ದು ಉಳಿಸುವಾಗ, ದಶಾಂಶ ಕತ್ತರಿಸಿದ ಚೂರುಗಳೆಲ್ಲ ಆ ಚಿಕ್ಕದರ ಮೇಲೇ ಬಂದು ಕೂರುತ್ತವೆ.

“ಇದಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರ, ಮಾವ?”

ಐದಕ್ಕೆ ನಾಲ್ಕು ಎಂದೆ. ನಾಲ್ಕೂವರೆ ಕೇಳಿದಳು.