ಇನ್‌ವಾಯ್ಸ್ ಜೊತೆ ಹೋಗುವ ಇಮೇಲ್

ಹೊರದೇಶದ ಗ್ರಾಹಕರಿಗೆ ಕೆಲಸ ಮಾಡಿಕೊಡುವ ಫ್ರೀಲಾನ್ಸ್ ಡಿಸೈನರ್‌ಗಳು ಕೆಲಸವನ್ನು ಹಂತಗಳಾಗಿ ಒಡೆದು, ಒಂದೊಂದು ಹಂತ ಮುಗಿದಂತೆ ಇನ್‌ವಾಯ್ಸ್ ಕಳಿಸುವುದು ರೂಢಿ. ಅದರ ಜೊತೆಗಿನ ಇಮೇಲ್ ಸಾಮಾನ್ಯವಾಗಿ ಇಬ್ಬರ ಕಣ್ಣಿಗೆ ಬೀಳುತ್ತದೆ. ಮೊದಲನೆಯವರು ಕೆಲಸ ನೋಡಿ ಒಪ್ಪಿದ ಮ್ಯಾನೇಜರ್. ಎರಡನೆಯವರು ಅಕೌಂಟ್ಸ್ ವಿಭಾಗದವರು. ಇವರು ಡಿಸೈನನ್ನು ನೋಡಿಯೇ ಇರುವುದಿಲ್ಲ, ಆದರೆ ಹಣ ಹೊರಡುವುದು ಇವರ ಕೈಯಿಂದಲೇ. ಹಾಗಾಗಿ ಹಳೆಯ ಮಾತುಕತೆ ಗೊತ್ತಿಲ್ಲದವರಿಗೂ ಅರ್ಥವಾಗುವಂತೆ ಇಮೇಲ್ ಬರೆಯಬೇಕಾಗುತ್ತದೆ.

ಮೈಸೂರಿನ ಡಿಸೈನರ್ ಒಬ್ಬರು ಅಮೆರಿಕದ ಕಂಪನಿಯೊಂದಕ್ಕೆ 3,000 ಡಾಲರ್‌ಗೆ ವೆಬ್‌ಸೈಟ್ ವಿನ್ಯಾಸ ಒಪ್ಪಿಕೊಂಡಿದ್ದಾರೆ ಎನ್ನೋಣ. ಎರಡನೆಯ ಹಂತಕ್ಕೆ ಶೇ. 40, ಅಂದರೆ 1,200 ಡಾಲರ್. ಇಮೇಲ್‌ನ ವಿಷಯದ ಸಾಲು ಹೀಗಿದ್ದರೆ ಸಾಕು:

```
Invoice 07: Milestone 2 of 3, USD 1,200, due 20 June 2025
```

ಇಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆದಿರುವುದಕ್ಕೆ ಕಾರಣವಿದೆ. ನಾವು ಜೂನ್ 5 ಎಂದುಕೊಂಡು 05/06 ಎಂದು ಬರೆದರೆ ಅಮೆರಿಕದವರು ಅದನ್ನು ಮೇ 6 ಎಂದು ಓದುತ್ತಾರೆ. ಗಡುವಿನ ಲೆಕ್ಕ ಅಲ್ಲೇ ತಪ್ಪುತ್ತದೆ.

ಇಮೇಲ್‌ನ ಒಡಲು ನಾಲ್ಕೈದು ವಾಕ್ಯ ಮೀರಬೇಕಿಲ್ಲ. ಯಾವ ಹಂತ ಮುಗಿಯಿತು, ಅದನ್ನು ಯಾರು ಯಾವ ದಿನ ಒಪ್ಪಿದರು, ಗ್ರಾಹಕರು ಪರ್ಚೇಸ್ ಆರ್ಡರ್ ಕೊಟ್ಟಿದ್ದರೆ ಅದರ ಸಂಖ್ಯೆ ಏನು ಎಂಬುದು ಮೊದಲು ಬರಬೇಕು. ಒಪ್ಪಿಗೆಯ ದಿನಾಂಕವನ್ನು ಹಲವರು ಬಿಡುತ್ತಾರೆ. ಅದಿಲ್ಲದಿದ್ದರೆ ಅಕೌಂಟ್ಸ್‌ನವರು ಮ್ಯಾನೇಜರನ್ನು ಕೇಳುತ್ತಾರೆ, ಮ್ಯಾನೇಜರ್ ರಜೆಯಲ್ಲಿದ್ದರೆ ಬಿಲ್ಲು ಅಲ್ಲಿಯೇ ಕೂರುತ್ತದೆ.

ಬ್ಯಾಂಕ್ ವಿವರ ಇರಬೇಕಾದದ್ದು ಲಗತ್ತಿಸಿದ ಪಿಡಿಎಫ್‌ನಲ್ಲಿ: ಖಾತೆದಾರರ ಹೆಸರು, ಖಾತೆ ಸಂಖ್ಯೆ, ಬ್ಯಾಂಕಿನ ಸ್ವಿಫ್ಟ್ ಕೋಡ್. ಯುರೋಪಿನ ಗ್ರಾಹಕರು ಐಬಿಎಎನ್ ಕೇಳುವುದುಂಟು. ಭಾರತದ ಖಾತೆಗಳಿಗೆ ಅದಿಲ್ಲ ಎಂದು ಮೊದಲೇ ತಿಳಿಸಿದರೆ ಒಂದು ಸುತ್ತಿನ ಪತ್ರವ್ಯವಹಾರ ಉಳಿಯುತ್ತದೆ. ‘ಬ್ಯಾಂಕ್ ವಿವರ ಹಿಂದಿನ ಇನ್‌ವಾಯ್ಸ್‌ನಲ್ಲಿದ್ದದ್ದೇ’ ಎಂಬ ಒಂದು ಸಾಲನ್ನೂ ಇಮೇಲ್‌ನಲ್ಲಿ ಸೇರಿಸುವುದು ಒಳ್ಳೆಯದು. ಇಮೇಲ್ ಖಾತೆಗೆ ಕನ್ನ ಹಾಕಿ, ಖಾತೆ ಸಂಖ್ಯೆ ಬದಲಿಸಿದ ಇನ್‌ವಾಯ್ಸ್ ಕಳಿಸುವ ವಂಚಕರಿದ್ದಾರೆ. ಖಾತೆ ನಿಜವಾಗಿಯೂ ಬದಲಾಗಿದ್ದರೆ ಫೋನ್ ಅಥವಾ ವಿಡಿಯೊ ಕರೆಯಲ್ಲಿ ಹೇಳಿ ಖಚಿತಪಡಿಸಬೇಕು.

ಇನ್ನು ಬ್ಯಾಂಕ್ ಶುಲ್ಕದ ಮಾತು. ವೈರ್ ಮೂಲಕ ಬರುವ ಹಣ ದಾರಿಯಲ್ಲಿ ಬೇರೊಂದು ಬ್ಯಾಂಕನ್ನು ಹಾದು ಬರಬಹುದು, ಅದು ತನ್ನ ಶುಲ್ಕ ಮುರಿದುಕೊಳ್ಳಬಹುದು. ಆಗ ಗ್ರಾಹಕರು ಪೂರ್ತಿ 1,200 ಕಳಿಸಿದ್ದರೂ ಖಾತೆಗೆ ಬೀಳುವುದು ಕಡಿಮೆ. ಶುಲ್ಕವನ್ನೆಲ್ಲ ಕಳಿಸುವವರೇ ಭರಿಸಬೇಕಾದರೆ ಬ್ಯಾಂಕ್ ಫಾರಂನಲ್ಲಿ `OUR` ಎಂಬ ಆಯ್ಕೆ ಗುರುತಿಸಬೇಕು. ಇಮೇಲ್‌ನಲ್ಲಿ ಇದನ್ನು ನೆನಪಿಸಬಹುದು, ಆದರೆ ಕರಾರಿನಲ್ಲೇ ಒಪ್ಪಂದವಾಗಿದ್ದರೆ ಮಾತ್ರ. ಇಲ್ಲದಿದ್ದರೆ ಅದು ಹೊಸ ಬೇಡಿಕೆಯಾಗಿ ಕಾಣುತ್ತದೆ, ಬಿಲ್ಲು ಮತ್ತೆ ಚರ್ಚೆಗೆ ಬೀಳುತ್ತದೆ.