'ಶುಭ ಮಧ್ಯಾಹ್ನ' ಅಂತ ಯಾರೂ ಯಾಕೆ ಹೇಳಲ್ಲ?

ವಾಟ್ಸಾಪ್ ಗ್ರೂಪುಗಳಲ್ಲಿ ಬೆಳಗಾದ್ರೆ ಸಾಕು, ಗುಲಾಬಿ ಹೂವಿನ ಜೊತೆ 'ಶುಭೋದಯ' ಬಂದು ಬೀಳುತ್ತೆ. ಆದ್ರೆ ಅದೇ ಫೋಟೋ ಕಳಿಸಿದವರು ಹಾಲಿನ ಬೂತಿನಲ್ಲಿ ಎದುರು ಸಿಕ್ಕಾಗ ಬಾಯ್ತೆರೆದು 'ಶುಭೋದಯ' ಅಂದದ್ದನ್ನು ನಾನಂತೂ ಕೇಳಿಲ್ಲ. 'ಗುಡ್ ಮಾರ್ನಿಂಗ್' ಅಂತಾರೆ, ಇಲ್ಲವೇ 'ಏನ್ ಸಾರ್, ಕಾಫಿ ಆಯ್ತಾ?' ಅಂತಾರೆ. 'ಶುಭ ಮಧ್ಯಾಹ್ನ'ದ ಕತೆಯಂತೂ ಇನ್ನೂ ಕಷ್ಟ. ಅದನ್ನು ಟೈಪ್ ಮಾಡುವವರೂ ಕಡಿಮೆ.

ಶುಭೋದಯ, ಶುಭ ಮಧ್ಯಾಹ್ನ, ಶುಭ ಸಂಜೆ, ಶುಭರಾತ್ರಿ. ಈ ನಾಲ್ಕೂ ಇಂಗ್ಲಿಷಿನ ಅಚ್ಚಿನಲ್ಲಿ ಸಂಸ್ಕೃತ ಮೂಲದ ಪದಗಳನ್ನು ಹೊಯ್ದು ತೆಗೆದ ಎರಕಗಳು. ಬರವಣಿಗೆಯಲ್ಲಿ, ವೇದಿಕೆಯ ಮೇಲೆ ನಡೆಯುತ್ತವೆ. ಮಾತಿಗೆ ಬಂದಾಗ ಮಾತ್ರ ತಡವರಿಸುತ್ತವೆ. ಅದಕ್ಕೊಂದು ಕಾರಣ ಪದದಲ್ಲೇ ಇದೆ. ಉದಯ ಅಂದ್ರೆ ಹುಟ್ಟು, ಸೂರ್ಯ ಮೂಡುವ ಹೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿನಲ್ಲಿ 'ಗುಡ್ ಮಾರ್ನಿಂಗ್' ಸಲೀಸು, 'ಶುಭೋದಯ' ಅಂದ್ರೆ ಈಗ ಎದ್ದು ಬಂದ್ರಾ ಅಂತ ಕೇಳಿದ ಹಾಗಾಗುತ್ತೆ.

ಇನ್ನೊಂದು ಕಾರಣ, ನಾವು ದಿನವನ್ನು ಕತ್ತರಿಸುವ ರೀತಿಯೇ ಬೇರೆ. ಇಂಗ್ಲಿಷಿನ ಆಫ್ಟರ್‌ನೂನ್ ಹನ್ನೆರಡಕ್ಕೆ ಶುರುವಾಗಿ ಐದರವರೆಗೂ ಎಳೆಯುತ್ತೆ. ನಮ್ಮ ಮಧ್ಯಾಹ್ನ ಹೆಸರಿಗೆ ತಕ್ಕಂತೆ ದಿನದ ನಡುವೆ ಇರೋದು. ನಾಲ್ಕೂವರೆಯನ್ನು ನಾವು 'ಸಂಜೆ ನಾಲ್ಕೂವರೆ' ಅಂತೀವಿ. ಸಭೆಯ ಕರಪತ್ರ ತೆಗೆದು ನೋಡಿ, 'ಸಂಜೆ 4.30ಕ್ಕೆ' ಅಂತಲೇ ಇರುತ್ತೆ. ಅದೇ ಗಂಟೆಗೆ ಇಂಗ್ಲಿಷಿನವರು ಇನ್ನೂ 'ಗುಡ್ ಆಫ್ಟರ್‌ನೂನ್' ಹೇಳ್ತಿರ್ತಾರೆ. 'ಶುಭರಾತ್ರಿ'ಯದ್ದು ಮತ್ತೊಂದು ಥರ. ಅದು ಎದುರುಗೊಳ್ಳುವ ಮಾತಲ್ಲ, ಬೀಳ್ಕೊಡುವ ಮಾತು. ರಾತ್ರಿ ಒಂಬತ್ತಕ್ಕೆ ಯಾರದೋ ಮನೆ ಬಾಗಿಲು ತಟ್ಟಿ 'ಶುಭರಾತ್ರಿ' ಅಂದ್ರೆ ಅವರು ಗಾಬರಿ ಬೀಳೋದು ಖಂಡಿತ.

ಹಾಗಾದ್ರೆ ಕನ್ನಡದಲ್ಲಿ ಹೊತ್ತಿಗೆ ತಕ್ಕ ಮಾತು ಇಲ್ಲವೇ? ಇದೆ, ಆದ್ರೆ ಅದರ ಗಡಿಯಾರ ಹೊಟ್ಟೆಯಲ್ಲಿದೆ. ಬೆಳಿಗ್ಗೆ ಏಳಕ್ಕೆ 'ಕಾಫಿ ಆಯ್ತಾ?', ಒಂಬತ್ತಕ್ಕೆ 'ತಿಂಡಿ ಆಯ್ತಾ?', ಒಂದೂವರೆಗೆ 'ಊಟ ಆಯ್ತಾ?', ಐದಕ್ಕೆ ಮತ್ತೆ ಕಾಫಿ, ರಾತ್ರಿ ಮತ್ತೆ ಊಟ. ಉತ್ತರ ಕರ್ನಾಟಕದಲ್ಲಿ ಅದೇ 'ಚಾ ಆತೇನ್ರಿ?', 'ನಾಷ್ಟಾ ಆತೇನ್ರಿ?', 'ಊಟ ಆತೇನ್ರಿ?'. ಹಳ್ಳಿಯಲ್ಲಿ ಹೊಲಕ್ಕೆ ಹೋಗುವ ಮೊದಲು ಮುದ್ದೆ ಉಣ್ಣುವ ಮನೆಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೂ 'ಊಟ ಆಯ್ತಾ?'. ಅಲ್ಲಿ ಬೆಳಗಿನದ್ದೂ ಊಟವೇ. ಆದ್ರೆ ಸಂಜೆ ಐದಕ್ಕೆ ಯಾರಿಗಾದ್ರೂ 'ಊಟ ಆಯ್ತಾ?' ಅಂತ ಕೇಳಿ, ಒಂದು ಕ್ಷಣ ಯೋಚಿಸಿ ಉತ್ತರ ಕೊಡ್ತಾರೆ. ಹೊತ್ತು ತಪ್ಪಿದೆ ಅನ್ನೋದಕ್ಕೆ ಅದೇ ಗುರುತು.

ಈ ಮಾತಿನ ಕಟ್ಟಡ ನನಗೆ ಬಹಳ ಇಷ್ಟ. 'ಊಟ ಮಾಡಿದ್ಯಾ?' ಅನ್ನಬೇಕಾ, 'ಊಟ ಮಾಡಿದ್ರಾ?' ಅನ್ನಬೇಕಾ ಅನ್ನೋದು ಎದುರಿನವರ ವಯಸ್ಸು, ಹುದ್ದೆ, ಎಷ್ಟೋ ಸಲ ಜಾತಿಯನ್ನೂ ಅಳೆದು ಆಗುವ ತೀರ್ಮಾನ. 'ಊಟ ಆಯ್ತಾ?' ಅಂದಾಗ ಕರ್ತೃ ಊಟ. ಅಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಗುರುತಿಲ್ಲದವರನ್ನು ಮಾತಾಡಿಸುವಾಗ ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ. ಬೇಕಿದ್ದರೆ ಹಿಂದೆ 'ಅಕ್ಕ', 'ಅಣ್ಣ' ಸೇರಿಸಿಕೊಳ್ಳಬಹುದು, ಬೇಡದಿದ್ದರೆ ಬಿಡಬಹುದು. ಉತ್ತರದ ಕಡೆ ಮಾತ್ರ ಆ 'ರಿ' ಬಂದು ಗೌರವವನ್ನು ಮತ್ತೆ ಎಣಿಕೆಗೆ ತರುತ್ತೆ: ದೊಡ್ಡವರಿಗೆ 'ಆತೇನ್ರಿ', ಗೆಳೆಯನಿಗೆ 'ಆತೇನೋ'.

ಆದ್ರೆ ಇದನ್ನು ನಮ್ಮ ಸಂಸ್ಕೃತಿಯ ಅನ್ನಪ್ರೀತಿ ಅಂತ ಹಾಡಿ ಹೊಗಳೋಕೆ ನಾನು ತಯಾರಿಲ್ಲ. ಇದಕ್ಕೆ ನಿಗದಿಯಾದ ಉತ್ತರ 'ಆಯ್ತು, ನಿಮ್ದು?'. ಉಂಡಿರದಿದ್ದರೂ ಅದೇ ಉತ್ತರ. ಯಾಕಂದ್ರೆ 'ಇಲ್ಲ' ಅಂದ್ರೆ ಕೇಳಿದವರು 'ಬನ್ನಿ, ಊಟ ಮಾಡೋಣ' ಅನ್ನಬೇಕಾಗುತ್ತೆ. ದಿನಾ 'ಊಟ ಆಯ್ತಾ?' ಕೇಳುವ ಮನೆಯವರೇ ಪಂಕ್ತಿಯಲ್ಲಿ ಜೊತೆಗೆ ಕೂರಿಸಿಕೊಳ್ಳದ ಊರುಗಳು ಇವೆ. ಪ್ರಶ್ನೆ ಎಲ್ಲರಿಗೂ ಸಿಗುತ್ತೆ, ತಟ್ಟೆ ಸಿಗಲ್ಲ.

ಮನೆಮನೆ ಪ್ರಚಾರಕ್ಕೆ ಫೋನ್ ಮಾಡುವ ಒಂದು ಸ್ವಯಂಸೇವಕರ ತಂಡಕ್ಕೆ ನಾನು ಮಾತಿನ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಕರೆಗಳು. ಅವರ ಇಂಗ್ಲಿಷ್ ಕರಡಿನಲ್ಲಿ ಹೊತ್ತಿಗೊಂದರಂತೆ ಮೂರು ಶುಭಾಶಯಗಳಿದ್ದವು. ನಾನು ಮೂರನ್ನೂ ತೆಗೆದು 'ನಮಸ್ಕಾರ, ಈಗ ಎರಡು ನಿಮಿಷ ಮಾತಾಡಬಹುದಾ?' ಅಂತ ಹಾಕಿದೆ. 'ಊಟ ಆಯ್ತಾ' ಅನ್ನು ಬೇಕಂತಲೇ ಬಿಟ್ಟೆ. ಎದುರು ನಿಂತವರ ಬಾಯಲ್ಲಿ ಅದು ಆಪ್ತ. ಗೊತ್ತಿಲ್ಲದ ನಂಬರಿನಿಂದ ಬಂದರೆ ಸಾಲದ ಕಂಪನಿಯವರ ನಯವಾದ ಪೀಠಿಕೆಯ ಹಾಗೆ ಕೇಳಿಸುತ್ತೆ.

'ನಮಸ್ಕಾರ' ಹೊತ್ತಿಗೆ ಅಂಟಿಕೊಳ್ಳದೇ ಇರೋದು ಯಾಕೆ? ಅದು ಹೊತ್ತಿನ ಬಗ್ಗೆ ಮಾತಾಡೋದೇ ಇಲ್ಲ. ನಮಸ್ ಅಂದ್ರೆ ಬಾಗುವಿಕೆ, ಕಾರ ಅಂದ್ರೆ ಮಾಡುವಿಕೆ. ನಾನು ನಿಮ್ಮ ಮುಂದೆ ಬಾಗುತ್ತಿದ್ದೇನೆ ಅಂತ ಹೇಳುವ ಮಾತಿಗೆ ಬೆಳಗಾದರೇನು, ಬೈಗಾದರೇನು? ಯೂಟ್ಯೂಬಿನವರು 'ನಮಸ್ಕಾರ ಸ್ನೇಹಿತರೇ' ಅಂತ ಶುರುಮಾಡೋದೂ ಇದಕ್ಕೇ ಹೊಂದುತ್ತೆ. ವಿಡಿಯೋವನ್ನು ನೀವು ನಡುರಾತ್ರಿ ನೋಡಿದರೂ ಅದು ಹಳಸಲ್ಲ.

ಕಾಲಕ್ಕೆ ಅಂಟದ ಮಾತುಗಳೆಲ್ಲ ಹೀಗೆ ಇಬ್ಬರ ನಡುವಿನ ಸಂಬಂಧವನ್ನು ಹೇಳುತ್ತವೆ. ರಾಜಕೀಯ ಅಡಗಿರೋದೂ ಅಲ್ಲೇ. ಹಳೆಯ ಮೈಸೂರು ಕಡೆ ಜೀತದಾಳುಗಳು ಒಡೆಯನಿಗೆ ಹೇಳಬೇಕಿದ್ದ 'ಅಡ್ಡಬಿದ್ದೆ ಬುದ್ಧಿ' ಕೂಡ ಯಾವ ಹೊತ್ತಿಗಾದರೂ ಸಲ್ಲುತ್ತಿತ್ತು, ಆದರೆ ಒಂದೇ ದಿಕ್ಕಿಗೆ. ಒಡೆಯ ಅದನ್ನು ವಾಪಸ್ ಹೇಳುತ್ತಿರಲಿಲ್ಲ. ಶರಣರ 'ಶರಣು ಶರಣಾರ್ಥಿ' ಇದರ ತದ್ವಿರುದ್ಧ. ಹರಳಯ್ಯನ ಕತೆ ನಿಮಗೆ ಗೊತ್ತಿರಬಹುದು. ಚಮ್ಮಾರ ಹರಳಯ್ಯ 'ಶರಣು' ಅಂದಾಗ ಬಸವಣ್ಣ 'ಶರಣು ಶರಣಾರ್ಥಿ' ಅಂದರಂತೆ. ತನಗೆ ಒಂದು ಶರಣು ಹೆಚ್ಚಾಗಿ ಸಿಕ್ಕಿತು, ಆ ಭಾರ ತೀರಿಸಬೇಕು ಅಂತ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಲ್ಲಿ ಚಮ್ಮಾವುಗೆ ಮಾಡಿದರು ಅನ್ನುತ್ತೆ ಕತೆ. ಅದು ನಡೆದದ್ದೋ ಕಟ್ಟಿದ್ದೋ ಏನೇ ಇರಲಿ, ಎದುರಿನವರು ತಿರುಗಿ ಹೇಳಿದ ಒಂದು ಮಾತಿಗೆ ಎಷ್ಟು ತೂಕವಿತ್ತು ಅನ್ನೋದು ಅದರಲ್ಲಿದೆ. ಇಂದು ದಲಿತ ಸಂಘಟನೆಗಳ 'ಜೈ ಭೀಮ್'ಗೆ 'ಜೈ ಭೀಮ್', ಮುಸ್ಲಿಮರ 'ಅಸ್ಸಲಾಮು ಅಲೈಕುಂ'ಗೆ 'ವಅಲೈಕುಂ ಅಸ್ಸಲಾಂ'. ಎಲ್ಲವೂ ಬೆಳಗಿನಿಂದ ರಾತ್ರಿವರೆಗೆ ನಡೆಯುತ್ತವೆ, ಎಲ್ಲವೂ ತಿರುಗಿ ಬರಲೇಬೇಕು.

ಹೊರಡುವ ಮಾತಿಗೂ ಗಡಿಯಾರ ಬೇಕಿಲ್ಲ. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನೋದನ್ನು ಹಿರಿಯರು ಈಗಲೂ ತಿದ್ದುತ್ತಾರೆ: 'ಹೋಗ್ತೀನಿ ಅನ್ಬೇಡ, ಬರ್ತೀನಿ ಅನ್ನು'. ಹೊರಟವರನ್ನು 'ಎಲ್ಲಿಗೆ?' ಅಂತ ಕೇಳೋದು ಅಪಶಕುನ ಅಂತ 'ದೂರ ಹೊರಟ್ರಾ?' ಅಂತ ಸುತ್ತುಬಳಸಿ ಕೇಳುವವರೂ ಇದ್ದಾರೆ. 'ಬರ್ತೀನಿ' ಬೆಳಿಗ್ಗೆ ಆರಕ್ಕೂ ಸರಿ, ರಾತ್ರಿ ಹನ್ನೆರಡಕ್ಕೂ ಸರಿ. ಅದು ಸಲ್ಲದ ಜಾಗ ಒಂದಿದೆ, ಸಾವಿನ ಮನೆ. ಅಲ್ಲಿ 'ಬರ್ತೀನಿ' ಅಂದ್ರೆ ಇಂಥದ್ದಕ್ಕೇ ಮತ್ತೆ ಬರ್ತೀನಿ ಅಂದ ಹಾಗೆ. ಅದಕ್ಕೇ ಜನ ಅಲ್ಲಿಂದ ಏನೂ ಹೇಳದೆ ಎದ್ದು ನಡೆಯುತ್ತಾರೆ.