ಚಾಕು ಬಲಗೈಯಲ್ಲಿ, ಪಾಠ ಎಡಗೈಗೆ

ಈಳಿಗೆ ಮಣೆಯ ಮುಂದೆ ಕೂತು ತರಕಾರಿ ಹೆಚ್ಚಿ ಅಭ್ಯಾಸವಾದವರು ಹೋಟೆಲ್ ಅಡುಗೆಮನೆಗೆ ಸೇರಿದ ಮೊದಲ ವಾರ ತಡಬಡಾಯಿಸುವುದು ಸಹಜ. ಈಳಿಗೆಯಲ್ಲಿ ಅಲಗು ಕದಲುವುದಿಲ್ಲ. ಎರಡೂ ಕೈ ಸೇರಿ ಬದನೆಕಾಯಿಯನ್ನೋ ಸೌತೆಕಾಯಿಯನ್ನೋ ಅದರ ಮೇಲೆ ಒತ್ತುತ್ತವೆ. ಹೋಟೆಲಿನ ಎಂಟು ಇಂಚಿನ ಚಾಕು ಇದಕ್ಕೆ ತದ್ವಿರುದ್ಧ. ತರಕಾರಿ ನಿಂತಿರುತ್ತದೆ, ಅಲಗು ಓಡುತ್ತದೆ. ಅದು ಎಲ್ಲಿ ಓಡಬೇಕು ಎಂದು ತೀರ್ಮಾನಿಸುವುದು ಚಾಕು ಹಿಡಿಯದ ಕೈ.

ಹೊಸಬರು ಸಾಮಾನ್ಯವಾಗಿ ತೋರುಬೆರಳನ್ನು ಅಲಗಿನ ಬೆನ್ನ ಮೇಲೆ ಚಾಚುತ್ತಾರೆ. ಆಗ ಅಲಗು ಪಕ್ಕಕ್ಕೆ ವಾಲುತ್ತದೆ, ಮಣಿಕಟ್ಟೂ ಬೇಗ ಸೋಲುತ್ತದೆ. ಹಿಡಿ ಮುಗಿದು ಅಲಗು ಶುರುವಾಗುವ ಜಾಗವನ್ನು ಹೆಬ್ಬೆರಳು ಮತ್ತು ಮಡಚಿದ ತೋರುಬೆರಳಿನ ನಡುವೆ ಚಿವುಟಿ ಹಿಡಿದು, ಉಳಿದ ಮೂರು ಬೆರಳನ್ನು ಹಿಡಿಗೆ ಸುತ್ತಿದರೆ ಚಾಕು ಹೇಳಿದ ಮಾತು ಕೇಳುತ್ತದೆ.

ಎಡಗೈಯ ಕೆಲಸ ಇನ್ನೂ ಸೂಕ್ಷ್ಮ. ಬೆರಳ ತುದಿಗಳನ್ನು ಒಳಕ್ಕೆ ಮಡಚಿ, ಹೆಬ್ಬೆರಳನ್ನು ಅವುಗಳ ಹಿಂದೆ ಅಡಗಿಸಿಡಬೇಕು. ಮಧ್ಯದ ಬೆರಳಿನ ಗೆಣ್ಣು ಎಲ್ಲಕ್ಕಿಂತ ಮುಂದಿದ್ದು, ಅಲಗಿನ ಚಪ್ಪಟೆ ಮೈ ಅದಕ್ಕೆ ಒರಗಿಕೊಂಡೇ ಮೇಲೆ ಕೆಳಗೆ ಆಡುತ್ತದೆ. ಅಲಗಿನ ಅಂಚು ಗೆಣ್ಣಿನ ಎತ್ತರವನ್ನು ದಾಟದಿದ್ದರೆ ಬೆರಳು ಕುಯ್ಯಲು ದಾರಿಯೇ ಇಲ್ಲ. ಹೋಳಿನ ದಪ್ಪವನ್ನು ನಿರ್ಧರಿಸುವುದೂ ಇದೇ ಕೈ: ಗೆಣ್ಣು ಎಷ್ಟು ಹಿಂದೆ ಸರಿಯಿತೋ ಹೋಳು ಅಷ್ಟೇ ದಪ್ಪ. ಬೀನ್ಸ್ ಪಲ್ಯ ಒಂದು ಕಡೆ ಬೆಂದು ಇನ್ನೊಂದು ಕಡೆ ಹಸಿಯಾಗಿ ಉಳಿದರೆ, ತಪ್ಪು ಒಲೆಯದ್ದೇ ಆಗಿರಬೇಕೆಂದಿಲ್ಲ.

ಇದೆಲ್ಲ ಪರೀಕ್ಷೆಗೆ ಬರುವುದು ಈರುಳ್ಳಿಯಲ್ಲಿ. ಮೊದಲು ಹಲಗೆಯ ಅಡಿಗೆ ಒದ್ದೆ ಬಟ್ಟೆ ಹಾಸಬೇಕು. ಜಾರುವ ಹಲಗೆಯ ಮೇಲೆ ಯಾವ ಹಿಡಿತವೂ ಉಪಯೋಗಕ್ಕಿಲ್ಲ. ಜುಟ್ಟು ತೆಗೆದು, ಬೇರಿನ ಬುಡ ಎರಡು ಪಾಲಾಗುವಂತೆ ಈರುಳ್ಳಿಯನ್ನು ಸೀಳಿ, ಸಿಪ್ಪೆ ಬಿಡಿಸಿ, ಕುಯ್ದ ಮುಖವನ್ನು ಹಲಗೆಗೆ ಕೂರಿಸುತ್ತಾರೆ. ಉರುಳುವ ಪದಾರ್ಥಕ್ಕೆ ಮೊದಲು ಒಂದು ಚಪ್ಪಟೆ ಮುಖ ಕೊಡಬೇಕೆಂಬುದು ಕ್ಯಾರೆಟ್, ಆಲೂಗಡ್ಡೆಗೂ ಅನ್ವಯಿಸುತ್ತದೆ. ನಂತರ ಚಾಕುವಿನ ಮೊನೆ ಬುಡದ ಕಡೆ ಇರುವಂತೆ ಉದ್ದುದ್ದ ಸೀಳುಗಳು, ಆದರೆ ಬುಡಕ್ಕೆ ಅರ್ಧ ಇಂಚು ಮೊದಲೇ ನಿಲ್ಲಬೇಕು. ಪದರಗಳನ್ನು ಕಟ್ಟಿಹಿಡಿದಿರುವುದು ಆ ಬುಡವೇ. ಕೊನೆಗೆ ಅಡ್ಡಲಾಗಿ ಕತ್ತರಿಸುತ್ತ ಬಂದರೆ ಚಿಕ್ಕ ಚೌಕಗಳು ಉದುರುತ್ತವೆ. ಬುಡವನ್ನು ಮೊದಲೇ ಕತ್ತರಿಸಿ ಎಸೆದವರ ಈರುಳ್ಳಿ ಅರ್ಧ ದಾರಿಯಲ್ಲೇ ಪದರ ಪದರವಾಗಿ ಜಾರುತ್ತದೆ, ಅದನ್ನು ಹಿಡಿಯಲು ಬೆರಳುಗಳು ಅಲಗಿನ ಕೆಳಗೆ ಹೋಗುತ್ತವೆ.

ಕಣ್ಣೀರು ಧಾರಾಕಾರವಾಗಿ ಸುರಿದರೆ ಚಾಕು ಮೊಂಡಾಗಿರುವ ಸಾಧ್ಯತೆ ಹೆಚ್ಚು. ಮೊಂಡು ಅಲಗು ಈರುಳ್ಳಿಯನ್ನು ಕುಯ್ಯುವ ಬದಲು ಜಜ್ಜುತ್ತದೆ, ಜಜ್ಜಿದಷ್ಟೂ ಘಾಟು ಹೊರಬರುತ್ತದೆ. ಟೊಮೇಟೊ ಸಿಪ್ಪೆಯ ಮೇಲೆ ಅಲಗು ಜಾರಿದರೆ ಅನುಮಾನವೇ ಬೇಡ. ಕಡಪ ಕಲ್ಲಿನ ಕಟ್ಟೆಯ ಮೇಲೋ ಸ್ಟೀಲ್ ತಟ್ಟೆಯ ಮೇಲೋ ನೇರವಾಗಿ ಹೆಚ್ಚಿದ ಚಾಕು ಬಹುಬೇಗ ಈ ಗತಿಗೆ ಬರುತ್ತದೆ.

ಅಡುಗೆಮನೆಯಲ್ಲಿ ನೇತಾಡುವ ಉದ್ದನೆಯ ಸ್ಟೀಲ್ ಕಡ್ಡಿ ಹೊಸ ಹರಿತ ತರುತ್ತದೆಂದು ಬಹಳ ಮಂದಿ ನಂಬಿದ್ದಾರೆ. ಬಳಕೆಯಲ್ಲಿ ಪಕ್ಕಕ್ಕೆ ಬಾಗಿದ ಅಂಚನ್ನು ನೆಟ್ಟಗೆ ಮಾಡುವುದು ಅದರ ಮುಖ್ಯ ಕೆಲಸ. ಅಂಚೇ ಸವೆದಿದ್ದರೆ ಸಾಣೆಕಲ್ಲು ಬೇಕು. 1000 ಗ್ರಿಟ್‌ನ ನೀರುಕಲ್ಲನ್ನು ಗುಳ್ಳೆ ನಿಲ್ಲುವವರೆಗೆ ನೆನೆಸಿ, ಅಲಗಿನ ಬೆನ್ನನ್ನು ಒಂದು ಬೆರಳಿನ ದಪ್ಪದಷ್ಟು ಎತ್ತಿ ಹಿಡಿದರೆ ಹೆಚ್ಚುಕಡಿಮೆ 15ರಿಂದ 20 ಡಿಗ್ರಿ ಕೋನ ಸಿಗುತ್ತದೆ.

ಕಷ್ಟವಿರುವುದು ಆ ಕೋನವನ್ನು ಕೊನೆಯವರೆಗೆ ಕಾಪಾಡುವುದರಲ್ಲಿ. ಅದಕ್ಕೊಂದು ಒಳ್ಳೆಯ ಉಪಾಯವಿದೆ. ಅಂಚಿನ ಉದ್ದಕ್ಕೂ ಮಾರ್ಕರ್ ಪೆನ್ನಿನ ಮಸಿ ಬಳಿದು ನಾಲ್ಕು ಸಲ ಉಜ್ಜಿ ನೋಡಬೇಕು. ಅಂಚಿನ ತುದಿಯಲ್ಲಿ ಮಸಿ ಉಳಿದು ಮೇಲ್ಭಾಗದಲ್ಲಷ್ಟೇ ಹೋಗಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು. ತುದಿಯಲ್ಲಿ ಮಾತ್ರ ಹೋಗಿದ್ದರೆ ಇಳಿಸಬೇಕು. ಒಂದು ಮಗ್ಗುಲನ್ನು ಉಜ್ಜುತ್ತ ಹೋದಂತೆ ಎದುರು ಮಗ್ಗುಲಿನಲ್ಲಿ ಕೂದಲೆಳೆಯಂಥ ಒರಟು ಲೋಹದ ಮಡಿಕೆ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಹೊರಕ್ಕೆ ಸವರಿದರೆ ಅದು ತಡೆಯುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳೆಯಬಾರದು. ಮಡಿಕೆ ಬುಡದಿಂದ ಮೊನೆಯವರೆಗೂ ಸಿಕ್ಕಿದ ಮೇಲೆಯೇ ಚಾಕು ತಿರುಗಿಸಬೇಕು. ಎರಡೂ ಕಡೆ ಮುಗಿದ ಬಳಿಕ ಭಾರ ಬಿಡದೆ ಅತ್ತ ಒಮ್ಮೆ ಇತ್ತ ಒಮ್ಮೆ ಉಜ್ಜಿದರೆ ಮಡಿಕೆ ಕಳಚುತ್ತದೆ, ಟೊಮೇಟೊ ಒತ್ತದೆಯೇ ಕುಯ್ಯುತ್ತದೆ.

ಇಷ್ಟು ಹರಿತ ಮಾಡಿದ ಚಾಕುವನ್ನು ಸೋಪಿನ ನೀರಿನ ಸಿಂಕಿಗೆ ಹಾಕಿಹೋಗುವುದು ಅಡುಗೆಮನೆಯ ದೊಡ್ಡ ತಪ್ಪು. ನೊರೆಯ ಕೆಳಗೆ ಕೈ ಹಾಕುವವರಿಗೆ ಅದು ಕಾಣುವುದಿಲ್ಲ. ತಕ್ಷಣ ತೊಳೆದು, ಬಟ್ಟೆಯನ್ನು ಬೆನ್ನಿನ ಕಡೆಯಿಂದ ಹಿಡಿದು ಒರೆಸಿ, ಗೋಡೆಯ ಅಯಸ್ಕಾಂತದ ಪಟ್ಟಿಗೆ ಬೆನ್ನು ಮೊದಲು ತಾಗಿಸಿ ಮೆಲ್ಲಗೆ ಒರಗಿಸಬೇಕು. ಪಟ್ಟಿ ಇಲ್ಲದ ಮನೆಯಲ್ಲಿ ದಪ್ಪ ರಟ್ಟನ್ನು ಅಲಗಿನ ಅಳತೆಗೆ ಮಡಚಿ, ಅಂಚಿಗೆ ಎರಡು ಸುತ್ತು ಟೇಪ್ ಹಾಕಿದರೂ ಒರೆ ಸಿದ್ಧ. ಡ್ರಾಯರಿನಲ್ಲಿ ಚಮಚ, ಸೌಟುಗಳಿಗೆ ತಾಗಿ ಅಂಚು ಹಾಳಾಗುವುದೂ ತಪ್ಪುತ್ತದೆ, ಚಮಚ ಹುಡುಕುವ ಕೈಯೂ ಉಳಿಯುತ್ತದೆ.